ಮುಹೂರ್ತ 8:50ಕ್ಕೆ, ಮೇಕಪ್ ಕುರ್ಚಿ 4:05ಕ್ಕೆ

ಇವತ್ತಿನ ಎಪಿಸೋಡ್ ಮದುವೆ ಬಗ್ಗೆ. ಆದರೆ ಯಾವ ಸೀರೆ ಟ್ರೆಂಡಲ್ಲಿದೆ, ಯಾವ ಲಿಪ್‌ಸ್ಟಿಕ್ ಚೆನ್ನಾಗಿ ಕೂರತ್ತೆ ಅನ್ನೋ ಮಾತಲ್ಲ. ಬೆಳಗ್ಗೆ ನಾಲ್ಕು ಗಂಟೆಗೆ ಛತ್ರದ ಎರಡು ಸಣ್ಣ ರೂಮುಗಳಲ್ಲಿ ಹನ್ನೆರಡು ಜನ ಹೆಣ್ಣುಮಕ್ಕಳು ರೆಡಿಯಾಗಬೇಕು. ಹೊರಗೆ ಮುಹೂರ್ತ ಕಾಯ್ತಾ ಇದೆ, ಅದನ್ನ ಯಾರೂ ಹತ್ತು ನಿಮಿಷ ಮುಂದಕ್ಕೆ ಹಾಕೋಕಾಗಲ್ಲ. ಆ ಬೆಳಗಿನ ಟೈಮ್‌ಟೇಬಲ್ ಹೇಗೆ ಮಾಡ್ತಾರೆ ಅನ್ನೋದು ಇವತ್ತಿನ ವಿಷಯ.

ದಕ್ಷಿಣ ಬೆಂಗಳೂರಿನ ಒಂದು ಛತ್ರದಲ್ಲಿ ಒಂದು ಮೇಕಪ್ ತಂಡದ ಜೊತೆ ನಾನು ಒಂದು ಇಡೀ ಬೆಳಗ್ಗೆ ಇದ್ದೆ. ಮನೆಯವರ ಒಪ್ಪಿಗೆ ತಗೊಂಡು, ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂತಿದ್ದೆ. ಹೆಸರು ಯಾರದ್ದೂ ಹೇಳಲ್ಲ. ತಂಡದ ಮುಖ್ಯ ಆರ್ಟಿಸ್ಟ್‌ನ ಹುಡುಗಿಯರೆಲ್ಲ ಅಕ್ಕ ಅಂತಾರೆ, ಹಾಗಾಗಿ ನಾನೂ ಅಕ್ಕ ಅಂತಲೇ ಕರೀತೀನಿ. ಮದುಮಗಳ ಮನೆಯವರ ಜೊತೆ ಮೊದಲ ಮಾತುಕತೆಯಿಂದ ಹಿಡಿದು ಗೋಡೆಗೆ ಅಂಟಿಸಿದ ಶೀಟ್‌ವರೆಗೆ ಅವರು ನನಗೆ ಎಲ್ಲ ತೋರಿಸಿದರು.

ಮೊದಲು ಲೆಕ್ಕ. ನಾನು ಬಿಕಾಂ, ಲೆಕ್ಕ ಇಲ್ಲದೆ ನನಗೆ ನಿದ್ದೆ ಬರಲ್ಲ.

ಮದುಮಗಳನ್ನ ಬಿಟ್ಟು ಹನ್ನೊಂದು ಜನ. ಅಮ್ಮ, ಚಿಕ್ಕಮ್ಮ, ಇಬ್ಬರು ಸೋದರತ್ತೆಯರು, ಅತ್ತಿಗೆ, ತಂಗಿ, ಮೂವರು ಕಸಿನ್ಸ್, ಅಜ್ಜಿ, ಮತ್ತೆ ಎಂಟು ವರ್ಷದ ಒಂದು ಪುಟಾಣಿ. ಇದರಲ್ಲಿ ಒಂಬತ್ತು ಜನರಿಗೆ ಪೂರ್ತಿ ಕೆಲಸ, ಅಂದರೆ ಮೇಕಪ್, ಹೇರ್, ಸೀರೆ ಮೂರೂ. ಅಕ್ಕನ ತಂಡಕ್ಕೆ ಮನೆಯವರ ಮೇಕಪ್‌ಗೆ ತಲೆಗೆ 35 ನಿಮಿಷ ಬೇಕು, ಬ್ರಷ್ ಒರೆಸಿ ಕುರ್ಚಿ ಖಾಲಿ ಮಾಡೋದೂ ಅದರಲ್ಲೇ ಸೇರಿದೆ. ಹೇರ್‌ಗೆ 20, ಸೀರೆ ಉಡಿಸೋಕೆ 15. ಅಜ್ಜಿ ಸೀರೆ ತಾವೇ ಉಟ್ಕೋತಾರೆ, ಅವರಿಗೆ ಒಂದು ತುರುಬು, ಸ್ವಲ್ಪ ಪೌಡರ್. ಪುಟಾಣಿಗೆ ಜಡೆ, ಸ್ವಲ್ಪ ಮೇಕಪ್. ಮದುಮಗಳಿಗೆ ಮೇಕಪ್ 75 ನಿಮಿಷ, ಮೊಗ್ಗಿನ ಜಡೆ ಸೇರಿ ಹೇರ್ 50, ಸೀರೆ 25, ಒಡವೆ 20.

ಎಲ್ಲ ಕೂಡಿದರೆ 845 ನಿಮಿಷ. ಕೈಯಲ್ಲಿರೋ ಸಮಯ ಸುಮಾರು ಮೂರೂವರೆ ಗಂಟೆ, ಅಂದರೆ 210 ನಿಮಿಷ. 845 ಅನ್ನು ನಾಲ್ಕರಿಂದ ಭಾಗಿಸಿ, 211 ಬರತ್ತೆ. ಅಲ್ಲಿಗೆ ನಾಲ್ಕು ಜನ ಆರ್ಟಿಸ್ಟ್ ಸಾಕು, ಅಲ್ವಾ? ಮದುಮಗಳ ಅಪ್ಪನೂ ಇದೇ ಲೆಕ್ಕ ಹಾಕಿದ್ದರು. ನಾನಾಗಿದ್ದರೂ ಇದನ್ನೇ ಹಾಕ್ತಿದ್ದೆ.

ಅಕ್ಕ ಐದು ಜನ ಬೇಕು ಅಂದರು. ಯಾಕೆ ಅನ್ನೋದರಲ್ಲೇ ಇವತ್ತಿನ ಕಥೆ ಇರೋದು.

ಸರಾಸರಿ ಲೆಕ್ಕಕ್ಕೆ ಒಂದು ವಿಷಯ ಗೊತ್ತಿರಲ್ಲ: ಯಾವ ಕೆಲಸ ಯಾರ ಕೈಗೆ ಹೋಗತ್ತೆ, ಯಾವ ಕೆಲಸ ಯಾವುದರ ನಂತರ ಬರತ್ತೆ ಅನ್ನೋದು. ಮೇಕಪ್ ಮಾಡೋ ಹುಡುಗಿಗೆ ಸೀರೆ ನೆರಿಗೆ ಹಿಡಿಯೋಕೆ ಬರಬಹುದು, ಬರದೆಯೂ ಇರಬಹುದು. ನಾಲ್ಕೇ ಜನ ಇದ್ದರೆ ಅಕ್ಕ ಮದುಮಗಳ ಹತ್ತಿರ, ಇಬ್ಬರು ಮೇಕಪ್ ಕುರ್ಚಿಗಳ ಹತ್ತಿರ. ಉಳಿದ ಒಬ್ಬಳ ತಲೆ ಮೇಲೆ ಎಲ್ಲರ ಹೇರ್ ಮತ್ತು ಎಲ್ಲರ ಸೀರೆ. ಆ ಒಬ್ಬಳ ಕೆಲಸ ಮಾತ್ರ ಕೂಡಿ ನೋಡಿ: ಹೇರ್ 205 ನಿಮಿಷ, ಸೀರೆ 135, ಒಟ್ಟು 340. ಇರೋದು 210. ಬೇರೆ ಮೂವರಿಗೆ ಕೊನೆಯಲ್ಲಿ ಬಿಡುವು ಸಿಗತ್ತೆ ನಿಜ, ಆದರೆ ಅಷ್ಟರಲ್ಲಿ ಅರ್ಧ ಮೇಕಪ್, ಕೆದರಿದ ಕೂದಲು, ನೈಟಿ ಹಾಕ್ಕೊಂಡ ಐದಾರು ಜನ ಸಾಲಾಗಿ ಕೂತಿರ್ತಾರೆ. ಸಿಲ್ಕ್ ಬೋರ್ಡ್ ಜಂಕ್ಷನ್‌ಗೆ ಎಷ್ಟು ಲೇನ್ ರಸ್ತೆ ಬಂದು ಸೇರಿದರೂ ದಾಟೋ ಜಾಗ ಇಕ್ಕಟ್ಟಾಗಿದ್ದರೆ ಗಾಡಿ ನಿಲ್ಲಲೇಬೇಕು. ಇದೂ ಹಾಗೆ.

ಹೊರಗಿನವರು ಮೇಕಪ್ಪೇ ದೊಡ್ಡ ಕೆಲಸ ಅಂದ್ಕೋತಾರೆ. ನಮ್ಮ ಕಡೆ ಮದುವೆಯಲ್ಲಿ ಜಾಮ್ ಆಗೋದು ಸೀರೆ ಹತ್ತಿರ. ಯಾಕಂದರೆ ಅದು ಕೊನೆಯ ಹಂತ. ಮೊದಲ ಒಂದು ಗಂಟೆ ಸೀರೆ ಉಡಿಸೋಳಿಗೆ ಕೆಲಸವೇ ಇರಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ ಬರ್ತಾರೆ.

ಅಕ್ಕ ಇದಕ್ಕೆ ಎರಡು ಕೆಲಸ ಮಾಡಿದರು. ಒಂದು, ಸೀರೆಗೆ ಅಂತಲೇ ಐದನೆಯವಳನ್ನ ಕರೆದರು, ಆದರೆ ಅವಳಿಗೆ ಸುಲಭದ ಜಡೆ, ತುರುಬು ಹಾಕೋಕೂ ಬರಬೇಕು ಅನ್ನೋ ಷರತ್ತಿನ ಮೇಲೆ. ಎರಡು, ಹಿಂದಿನ ದಿನ ರಿಸೆಪ್ಷನ್ ಸಂಜೆಯೇ ಒಂಬತ್ತೂ ಸೀರೆ ತರಿಸಿಕೊಂಡು ನೆರಿಗೆ ಹಿಡಿದು, ಇಸ್ತ್ರಿ ಮಾಡಿ, ಕ್ಲಿಪ್ ಹಾಕಿ, ಮಡಚಿ ಇಟ್ಟರು. ಪ್ರಿ-ಪ್ಲೀಟಿಂಗ್ ಅಂತಾರಲ್ಲ, ಅದು. ಸೆರಗಿನ ನೆರಿಗೆ, ಹೊಟ್ಟೆ ಹತ್ತಿರದ ನೆರಿಗೆ ಎರಡೂ ಕೂತಿದ್ದರೆ ಬೆಳಗ್ಗೆ 15 ನಿಮಿಷದ ಕೆಲಸ 8 ನಿಮಿಷಕ್ಕೆ ಇಳಿಯತ್ತೆ. ಒಂಬತ್ತು ಜನಕ್ಕೆ ಒಂದು ಗಂಟೆಗೂ ಜಾಸ್ತಿ ಉಳಿತಾಯ. ಪ್ರತಿ ಸೀರೆಯ ಮೇಲೆ ಹೆಸರಿನ ಚೀಟಿ, ಜೊತೆಗೆ ಅದರದ್ದೇ ಬ್ಲೌಸು, ಲಂಗ. ಇಲ್ಲಿ ಒಂದು ಸೂಕ್ಷ್ಮ ಇದೆ. ನೆರಿಗೆಯ ಅಳತೆ ಉಡೋರ ಸೊಂಟ ಮತ್ತು ಎತ್ತರಕ್ಕೆ ಹೊಂದಬೇಕು. ಅಂದಾಜಲ್ಲಿ ಮಡಚಿದರೆ ಬೆಳಗ್ಗೆ ಮತ್ತೆ ಬಿಚ್ಚಬೇಕಾಗತ್ತೆ, ಅದು ಮೊದಲಿನಿಂದ ಉಡಿಸೋದಕ್ಕಿಂತ ನಿಧಾನ. ಅದಕ್ಕೇ ರಿಸೆಪ್ಷನ್‌ಗೂ ಮುಂಚೆ ಎಲ್ಲರನ್ನ ಒಂದು ಸಲ ನಿಲ್ಲಿಸಿ ಟೇಪ್ ಹಿಡಿದಿದ್ದರು.

ಸರಿ, ಇನ್ನು ಗಡಿಯಾರ. ಮುಹೂರ್ತ 8:50ರಿಂದ 9:30. ಮದುಮಗಳು 8:50ಕ್ಕೆ ರೆಡಿ ಇದ್ದರೆ ಸಾಕು ಅಂದ್ಕೊಂಡರೆ ಕೆಟ್ಟಿತು. ಅಕ್ಕ ಮೊದಲು ಫೋನ್ ಮಾಡಿದ್ದು ಫೋಟೋಗ್ರಾಫರ್‌ಗಲ್ಲ, ಪುರೋಹಿತರಿಗೆ. ಹುಡುಗಿ ಯಾವ ಶಾಸ್ತ್ರಕ್ಕೆ, ಎಷ್ಟು ಹೊತ್ತಿಗೆ ಕೂರಬೇಕು ಅಂತ ಕೇಳಿದರು. ಇದು ಮನೆಯಿಂದ ಮನೆಗೆ ಬದಲಾಗತ್ತೆ. ಈ ಮನೆಯಲ್ಲಿ ಸೋದರಮಾವ ಬಂದು ಮಂಟಪಕ್ಕೆ ಕರ್ಕೊಂಡು ಹೋಗೋದು 8:25ಕ್ಕೆ. ಅದಕ್ಕೂ ಮುಂಚೆ ಗೌರಿ ಪೂಜೆ, 7:40ಕ್ಕೆ ಶುರು. ಅದಕ್ಕೂ ಮುಂಚೆ ಫೋಟೋಗ್ರಾಫರ್ ಹುಡುಗಿಯೊಬ್ಬಳದ್ದೇ ಫೋಟೋ ತೆಗೆಯೋಕೆ 25 ನಿಮಿಷ ಕೇಳಿದ್ದರು. ಅಂದರೆ ನಿಜವಾದ ಗಡುವು 7:15. ಶೀಟ್‌ನಲ್ಲಿ ಅಕ್ಕ ಬರೆದಿದ್ದು 6:55, ಇಪ್ಪತ್ತು ನಿಮಿಷ ಕೈಯಲ್ಲಿ ಇಟ್ಕೊಂಡು. ಅಲ್ಲಿಂದ ಹಿಂದಕ್ಕೆ ಒಡವೆ, ಸೀರೆ, ಹೇರ್, ಮೇಕಪ್ ಎಲ್ಲ ಕಳೆದರೆ 4:05. ಮುಹೂರ್ತ 8:50ಕ್ಕೆ ಇದ್ದರೂ ಮದುಮಗಳು ಕುರ್ಚಿಯಲ್ಲಿ ಕೂರಬೇಕಾದ್ದು ನಾಲ್ಕು ಗಂಟೆ ಐದು ನಿಮಿಷಕ್ಕೆ. ಮಧ್ಯಾಹ್ನದ ಅಭಿಜಿನ್ ಮುಹೂರ್ತ ಅಂದರೆ ಮೇಕಪ್‌ನವರ ಮುಖ ಯಾಕೆ ಅರಳತ್ತೆ ಅಂತ ಈಗ ಗೊತ್ತಾಯ್ತಲ್ಲ?

ಇನ್ನೊಂದು ಗಡುವು ಇದೆ, ಇದನ್ನ ತುಂಬಾ ಜನ ಮರೀತಾರೆ. ಅದು ಅಮ್ಮಂದು. ಬೀಗರನ್ನ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳಬೇಕು, ತಿಂಡಿ ವಿಚಾರಿಸಬೇಕು, ಆಮೇಲೆ ಧಾರೆಗೆ ಗಂಡನ ಪಕ್ಕ ನಿಲ್ಲಬೇಕು. ಆರು ಗಂಟೆ ಆದ್ಮೇಲೆ ಅವರನ್ನ ಕುರ್ಚಿಯಲ್ಲಿ ಕೂರಿಸೋಕೆ ಯಾರಿಂದಲೂ ಆಗಲ್ಲ, ಎರಡು ನಿಮಿಷಕ್ಕೊಬ್ಬರು ಬಂದು ಏನಾದರೂ ಕೇಳ್ತಾರೆ. ಹಾಗಾಗಿ ಅಮ್ಮ ಮೊದಲ ಬ್ಯಾಚ್, 4:15. ಜೊತೆಗೆ ಚಿಕ್ಕಮ್ಮ. ಚಿಕ್ಕಮ್ಮ ಯಾಕೆ? ಒಡವೆ ಪೆಟ್ಟಿಗೆಯ ಕೀ ಅವರ ಹತ್ತಿರ ಇತ್ತು! ಒಡವೆ ಹಾಕೋ ಹೊತ್ತಿಗೆ ಕೀ ಇರೋರು ಮೇಕಪ್ ಕುರ್ಚಿಯಲ್ಲೋ, ಸ್ನಾನದ ಮನೆಯಲ್ಲೋ ಇದ್ದರೆ ಹತ್ತು ನಿಮಿಷ ಹೋಯ್ತು ಅಂತಲೇ ಲೆಕ್ಕ. ಅಕ್ಕನ ಶೀಟ್‌ನಲ್ಲಿ "ಕೀ ಯಾರ ಹತ್ತಿರ" ಅಂತ ಒಂದು ಕಾಲಮ್ಮೇ ಇದೆ.

ತಂಗಿ ಕಳಸಗಿತ್ತಿ, ಕಳಸ ಹಿಡ್ಕೊಂಡು ಅಕ್ಕನ ಜೊತೆಗೇ ಮಂಟಪಕ್ಕೆ ಬರೋಳು. ಹಾಗಾಗಿ ಅವಳೂ ಏಳು ಗಂಟೆ ಸುಮಾರಿಗೆ ಮುಗೀಬೇಕು. ಕಸಿನ್ಸ್ ಕೊನೆಗೆ. ಅವರಿಗೆ ಶಾಸ್ತ್ರ ಏನೂ ಇಲ್ಲ, ಮತ್ತೆ ರಾತ್ರಿ ರಿಸೆಪ್ಷನ್‌ನಲ್ಲಿ ಕುಣಿದವರು ನಾಲ್ಕಕ್ಕೆ ಎದ್ದೇಳೋದೂ ಇಲ್ಲ. ಪುಟಾಣಿ ಎಲ್ಲರಿಗಿಂತ ಕೊನೆಗೆ, ಬೇಗ ಮಾಡಿದರೆ ಏಳು ಗಂಟೆಗೆ ಕೇಸರಿಬಾತ್ ಎಲ್ಲ ಮುಖದ ಮೇಲೆ.

ಶೀಟ್‌ನ ಮಧ್ಯದಲ್ಲಿ, ಆರರಿಂದ ಆರೂಕಾಲರವರೆಗೆ, ಎರಡೂ ಮೇಕಪ್ ಕುರ್ಚಿಗಳ ಎದುರು "ಕಾಫಿ" ಅಂತ ಬರೆದಿತ್ತು. ಕಾಫಿಗೆ ಹದಿನೈದು ನಿಮಿಷನಾ ಅಂತ ಕೇಳಿದೆ. ಅಕ್ಕ ನಕ್ಕರು. "ಅದು ಕಾಫಿ ಅಲ್ಲಪ್ಪ, ಉಸಿರು. ಖಾಲಿ ಅಂತ ಬರೆದರೆ ಮನೆಯವರು ಇನ್ನೊಬ್ಬರನ್ನ ತಂದು ಕೂರಿಸ್ತಾರೆ. ಕಾಫಿ ಅಂತ ಬರೆದರೆ ಯಾರೂ ಮುಟ್ಟಲ್ಲ." ಬಿಡುವನ್ನ ಕೊನೆಯಲ್ಲಿ ಇಡದೆ ಮಧ್ಯದಲ್ಲಿ ಇಡೋದಕ್ಕೆ ಕಾರಣ ಇದೆ. ಐದೈದು ನಿಮಿಷ ತಡ ಆಗ್ತಾ ಬಂದದ್ದು ಹೇರ್ ಹತ್ತಿರ ಸೇರ್ಕೊಳ್ಳತ್ತೆ. ಮೇಕಪ್‌ನಿಂದ 35 ನಿಮಿಷಕ್ಕೆ ಇಬ್ಬರು ಹೊರಗೆ ಬರ್ತಾರೆ, ಹೇರ್ ಮಾಡೋಳಿಗೆ ಇಬ್ಬರಿಗೆ 40 ನಿಮಿಷ ಬೇಕು. ಪ್ರತಿ ಸುತ್ತಿಗೆ ಐದು ನಿಮಿಷ ಹಿಂದೆ ಬೀಳ್ತಾಳೆ. ಮಧ್ಯದಲ್ಲಿ ಮೇಕಪ್ ಹದಿನೈದು ನಿಮಿಷ ನಿಂತರೆ ಅವಳು ಸಾಲು ಮುಗಿಸಿ ಸಮ ಆಗ್ತಾಳೆ.

ಅದೇ ಹೇರ್ ಹುಡುಗಿಗೆ ಮೊದಲ 35 ನಿಮಿಷ ಕೆಲಸ ಇರಲ್ಲ, ಯಾರೂ ಇನ್ನೂ ಮೇಕಪ್ ಮುಗಿಸಿರಲ್ಲ. ಅಲ್ಲಿ ಅಕ್ಕ ಅಜ್ಜಿಯನ್ನ ಹಾಕಿದ್ದರು. ಮೂರೂವರೆಗೇ ಎದ್ದು ಸ್ನಾನ ಮುಗಿಸಿ ಸೀರೆ ಉಟ್ಟು ಕೂತಿರೋ ಒಬ್ಬರೇ ಒಬ್ಬರು ಅಂದರೆ ಅವರು. ಅವರ ತುರುಬು ಆದ್ಮೇಲೆ ಚಿಕ್ಕ ಅತ್ತೆಗೆ ಮೇಕಪ್‌ಗಿಂತ ಮುಂಚೆಯೇ ಹೇರ್. ಎಲ್ಲರಿಗೂ ಮೇಕಪ್ಪೇ ಮೊದಲು ಆಗಬೇಕು ಅಂತ ರೂಲ್ ಏನಿಲ್ಲ, ತುರುಬು ಹಾಕಿದ ತಲೆ ಅಲುಗಾಡಿದರೆ ಏನೂ ಆಗಲ್ಲ. ಒಂದೇ ಷರತ್ತು, ತಲೆ ಮೇಲಿಂದ ಬಟ್ಟೆ ತೆಗೆಯೋ ಹಾಗಿರಬಾರದು. ಎಲ್ಲರೂ ಬ್ಲೌಸು, ಲಂಗ ಹಾಕ್ಕೊಂಡು, ಮೇಲೆ ಮುಂದೆ ಗುಂಡಿ ಇರೋ ಶರ್ಟ್ ಅಥವಾ ನೈಟಿ ಹಾಕ್ಕೊಂಡು ಬರಬೇಕು. ಟಿ-ಶರ್ಟ್ ಹಾಕ್ಕೊಂಡು ಬಂದು, ಒಂದು ಗಂಟೆ ಮೇಕಪ್ ಮಾಡಿಸ್ಕೊಂಡು, ಆಮೇಲೆ ಕತ್ತರಿ ಹಿಡಿದು ಟಿ-ಶರ್ಟ್ ಕತ್ತರಿಸಿದ ಕಥೆಗಳು ಈ ಫೀಲ್ಡಲ್ಲಿ ಎಲ್ಲರ ಹತ್ತಿರ ಇವೆ.

ಕರೆಂಟ್ ಬಗ್ಗೆ ಒಂದು ಮಾತು, ಯಾಕಂದರೆ ಇದರಿಂದ ಇಡೀ ಶೀಟ್ ಮಗುಚಿಕೊಳ್ಳಬಹುದು. ಛತ್ರದ ರೂಮಿನ ಮಾಮೂಲಿ ಸಣ್ಣ ಸಾಕೆಟ್ 6 ಆಂಪಿಯರ್. 230 ವೋಲ್ಟ್‌ಗೆ ಗುಣಿಸಿದರೆ 1380 ವ್ಯಾಟ್. ಒಂದು ಹೇರ್ ಡ್ರೈಯರ್ ಒಂದೇ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಎಳೆಯಬಹುದು. ಅದರ ಮೇಲೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಇಸ್ತ್ರಿ ಪೆಟ್ಟಿಗೆ, ಕರ್ಲಿಂಗ್ ಐರನ್ ಸಿಕ್ಕಿಸಿದರೆ ಟ್ರಿಪ್ ಆಗತ್ತೆ, ಲೈಟೂ ಹೋಗತ್ತೆ. ಬೆಳಗಿನ ಜಾವ ನಾಲ್ಕೂವರೆಗೆ ಛತ್ರದ ಎಲೆಕ್ಟ್ರಿಷಿಯನ್‌ನ ಎಲ್ಲಿ ಹುಡುಕ್ತೀರ? ಹಿಂದಿನ ಸಂಜೆ ಅಕ್ಕ ರೂಮಿಗೆ ಹೋದಾಗ ಮಾಡಿದ ಮೊದಲ ಕೆಲಸ ದೊಡ್ಡ ಮೂರು ಪಿನ್ನಿನ 16 ಆಂಪಿಯರ್ ಸಾಕೆಟ್ ಎಲ್ಲಿದೆ ಅಂತ ನೋಡಿದ್ದು. ಪಕ್ಕದ ರೂಮಿನಲ್ಲಿ ಒಂದಿತ್ತು. ಹೇರ್ ಕುರ್ಚಿ ಅಲ್ಲಿಗೆ ಹೋಯ್ತು. ಮದುಮಗಳ ರೂಮಿನಲ್ಲಿ ರಿಂಗ್ ಲೈಟು ಮತ್ತು ಫೋನ್ ಚಾರ್ಜರ್ ಮಾತ್ರ.

ಇಷ್ಟೆಲ್ಲ ಪ್ಲಾನ್ ಮಾಡಿದ ಮೇಲೆ ಆ ದಿನ ಏನಾಯ್ತು? ಮದುಮಗಳು 4:05ಕ್ಕೆ ಬರಲಿಲ್ಲ.

ಕಾರಣ ಎಣ್ಣೆ. ಮಂಗಳ ಸ್ನಾನಕ್ಕೆ ಮುಂಚೆ ಮುತ್ತೈದೆಯರು ನೆತ್ತಿಗೆ ಎಣ್ಣೆ ಇಡೋ ಶಾಸ್ತ್ರ. ಅಕ್ಕ ಇದನ್ನ ವಾರದ ಮುಂಚೆಯೇ ಅಜ್ಜಿ ಹತ್ತಿರ ಕೂತು ಮಾತಾಡಿದ್ದರು. ತಲೆ ತುಂಬ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದರೆ ದೊಡ್ಡ ತೊಂದರೆ: ಒದ್ದೆ ಕೂದಲು ಒಣಗಿಸೋಕೆ ಅರ್ಧ ಗಂಟೆ ಹತ್ತಿರ ಹೋಗತ್ತೆ, ಎಣ್ಣೆ ಜಿಡ್ಡು ಉಳಿದರೆ ಪಿನ್ ಜಾರತ್ತೆ, ಮೊಗ್ಗಿನ ಜಡೆಯ ಭಾರ ಆ ಪಿನ್ನುಗಳ ಮೇಲೇ ನಿಂತಿರೋದು. "ಅಜ್ಜಿ, ಶಾಸ್ತ್ರ ಬೇಡ ಅಂತ ನಾನು ಹೇಳ್ತಿಲ್ಲ. ತಲೆಸ್ನಾನ ಹಿಂದಿನ ದಿನ ಮುಗಿಸೋಣ, ಬೆಳಗ್ಗೆ ನೆತ್ತಿಗೆ ಒಂದೊಂದು ತೊಟ್ಟು ಮುಟ್ಟಿಸಿ ಮೈಗೆ ನೀರು ಹಾಕಿ, ಆಗತ್ತಾ?" ಅಂತ ಕೇಳಿದ್ದರು. ಅಜ್ಜಿ ಒಪ್ಪಿದ್ದರು, ಮಾತಿಗೂ ನಡೆದುಕೊಂಡರು. ಆದರೆ ಐದು ಜನ ಮುತ್ತೈದೆಯರು ಬೇಕಲ್ಲ, ಐದನೆಯವರು ನಿದ್ದೆಯಿಂದ ಎದ್ದು ಬರೋದು ತಡ ಆಯ್ತು. ಎರಡು ರೂಮಿಗೆ ಒಂದೇ ಗೀಸರ್, ಬಿಸಿನೀರೂ ಕಾಯಬೇಕಾಯ್ತು. ಹುಡುಗಿ ಬಂದು ಕೂತಾಗ 4:25.

ಇಪ್ಪತ್ತು ನಿಮಿಷ ಹೋಯ್ತು. ಕೈಯಲ್ಲಿ ಇಟ್ಕೊಂಡಿದ್ದ ಇಪ್ಪತ್ತು ನಿಮಿಷ ಪೂರ್ತಿ ಖಾಲಿ. ಈಗ ಏನೂ ಬದಲಾಯಿಸದೆ ಹೋದರೆ ಮದುಮಗಳು ಸರಿಯಾಗಿ 7:15ಕ್ಕೆ ರೆಡಿ, ಇನ್ನೊಂದು ನಿಮಿಷ ತಡ ಆದರೂ ಫೋಟೋಗೆ ಕತ್ತರಿ, ಅಥವಾ ಗೌರಿ ಪೂಜೆಗೆ ಪುರೋಹಿತರು ಕಾಯಬೇಕು.

ನಾನಾಗಿದ್ದರೆ ಮೇಕಪ್ ಬೇಗ ಬೇಗ ಮಾಡಿ ಅಂತಿದ್ದೆ ಅನ್ಸತ್ತೆ. ಅಕ್ಕ ಮೇಕಪ್‌ನ 75 ನಿಮಿಷದಲ್ಲಿ ಒಂದು ನಿಮಿಷನೂ ಕಡಿಮೆ ಮಾಡಲಿಲ್ಲ. "ಬೇಸ್ ಅವಸರ ಮಾಡಿದರೆ ಹೋಮದ ಹೊಗೆಗೆ, ಮಂಟಪದ ಲೈಟ್ ಬಿಸಿಗೆ ಹತ್ತು ಗಂಟೆಗೆಲ್ಲ ಬಿರುಕು ಬಿಡತ್ತೆ. ಮುಖದಲ್ಲಿ ಉಳಿಸಿದ್ದು ಫೋಟೋದಲ್ಲಿ ಕಾಣತ್ತೆ" ಅಂದರು. ಅವರು ಮುಟ್ಟಿದ್ದು ಕೆಲಸದ ಕ್ರಮವನ್ನ. ಕಣ್ಣಿನ ಕೆಲಸ ಮುಗಿಯೋವರೆಗೆ ಮದುಮಗಳ ತಲೆ ಅಲುಗಾಡಬಾರದು. ಆದರೆ ಕೊನೆಯ ಹತ್ತು ನಿಮಿಷ, ತುಟಿ, ಕತ್ತು, ಕೈ ಮಾಡುವಾಗ, ಹಿಂದೆ ಇನ್ನೊಬ್ಬಳು ನಿಂತು ಬುಡದ ಜಡೆ ಹೆಣೆಯಬಹುದು. 5:30ಕ್ಕೆ ಹೇರ್ ಹುಡುಗಿಯನ್ನ ಅಲ್ಲಿಗೆ ಕರೆದರು.

ಆ ಹೊತ್ತಿಗೆ ಅವಳ ಹತ್ತಿರ ದೊಡ್ಡ ಅತ್ತೆ ಕೂರಬೇಕಿತ್ತು. ಅವರಿಗೆ ಬೇಕಾಗಿದ್ದು ಸರಳ ತುರುಬು, ಮಲ್ಲಿಗೆ ದಂಡೆ. ಅದನ್ನ ಸೀರೆ ಉಡಿಸೋ ಹುಡುಗಿ ಮಾಡಿದಳು. ಐದನೆಯವಳಿಗೆ ತುರುಬು ಬರಬೇಕು ಅಂತ ಷರತ್ತು ಹಾಕಿದ್ದು ಇದಕ್ಕೇ. ಪರಿಣಾಮ ಏನಪ್ಪ ಅಂದರೆ, ಹೇರ್ ಮುಗಿಸಿದ್ದ ಚಿಕ್ಕಮ್ಮ ಸೀರೆಗೆ ಇಪ್ಪತ್ತು ನಿಮಿಷ ಕಾದರು, ಸ್ವಲ್ಪ ಗೊಣಗಿದರು. ಆದರೆ ಅವರಿಗೆ ಆರೂವರೆವರೆಗೆ ಬೇರೆ ಕೆಲಸ ಇರಲಿಲ್ಲ. ತಡವನ್ನ ಯಾರ ಮೇಲೆ ಹಾಕಿದರೆ ಮದುವೆ ನಿಲ್ಲಲ್ಲವೋ ಅವರ ಮೇಲೆ ಹಾಕೋದು. ಕಾಲೇಜಲ್ಲಿ ಕ್ರಿಟಿಕಲ್ ಪಾತ್ ಅಂತ ಹತ್ತು ಮಾರ್ಕಿಗೆ ಗೆರೆ ಎಳೆದು, ಬಾಣ ಹಾಕಿ ಬರೆದಿದ್ದೆ. ಅದು ಚಿಕ್ಕಮ್ಮನ ಗೊಣಗಾಟ ಅಂತ ಯಾರಾದರೂ ಹೇಳಿದ್ದರೆ ಇನ್ನೂ ಚೆನ್ನಾಗಿ ಅರ್ಥ ಆಗ್ತಿತ್ತು.

ಹೀಗೆ ಹತ್ತು ನಿಮಿಷ ವಾಪಸ್ ಬಂತು. ಬುಡದ ಜಡೆ ಮುಗಿಸಿ, ಸೀರೆ ಉಡಿಸಿ, ಆಮೇಲೆ ಒಡವೆ. ಒಡವೆಗೂ ಕ್ರಮ ಇದೆ. ಬೈತಲೆ ಬೊಟ್ಟು, ಓಲೆ ಮೊದಲು, ಕತ್ತಿಗೆ ಚಿಕ್ಕ ಸರದಿಂದ ಉದ್ದದ ಸರಕ್ಕೆ, ಡಾಬು ಸೀರೆ ಪಿನ್ ಎಲ್ಲ ಹಾಕಿದ ಮೇಲೆ. ರಾತ್ರಿಯೇ ತಟ್ಟೆಯಲ್ಲಿ ಅದೇ ಸಾಲಿನಲ್ಲಿ ಜೋಡಿಸಿ, ಫೋಟೋ ತೆಗೆದು, ಪೆಟ್ಟಿಗೆಗೆ ಬೀಗ ಹಾಕಿದ್ದರು. ಸೀರೆ ಉಡಿಸೋವಾಗಲೇ ಚಿಕ್ಕಮ್ಮ ರೂಮಿನಲ್ಲಿ ಕೀ ಹಿಡ್ಕೊಂಡು ನಿಂತಿದ್ದರು. 7:08ಕ್ಕೆ ಫೋಟೋಗ್ರಾಫರ್‌ನ ಒಳಗೆ ಕರೆದರು.

ಈ ಕಡೆ ಇನ್ನೊಂದು ಗಲಾಟೆ. 6:15ಕ್ಕೆ ಬರಬೇಕಿದ್ದ ಇಬ್ಬರು ಕಸಿನ್ಸ್‌ನಲ್ಲಿ ಒಬ್ಬಳು ನಾಪತ್ತೆ. ಮನೆಯವರನ್ನ ಎಬ್ಬಿಸಿ ಕಳಿಸೋ ಕೆಲಸ ಆರ್ಟಿಸ್ಟ್‌ಗಳು ಮಾಡಬಾರದು ಅಂತ ಅಕ್ಕನ ನಿಯಮ, ಅದಕ್ಕೆ ಸೋದರಮಾವನಿಗೆ ಶೀಟ್‌ನ ಫೋಟೋ ಕೊಟ್ಟಿದ್ದರು. ಮಾವ ಬಾಗಿಲು ಬಡಿದು ಬಡಿದು ಸುಸ್ತಾಗಿದ್ದರು. ಇಲ್ಲಿ ಕುರ್ಚಿ ಖಾಲಿ ಬಿಡಲಿಲ್ಲ. ಕೊನೆಗೆ ಅಂತ ಇಟ್ಟಿದ್ದ ಪುಟಾಣಿಯ ಹತ್ತು ನಿಮಿಷ, ಅಜ್ಜಿಯ ಪೌಡರ್ ಹತ್ತು ನಿಮಿಷ ಎರಡನ್ನೂ ತಂದು ಅಲ್ಲಿ ತುಂಬಿದರು. ಕಸಿನ್ ಆರೂವರೆಗೆ ಕಣ್ಣುಜ್ಜಿಕೊಂಡು ಬಂದಳು, 6:35ಕ್ಕೆ ಕೂತಳು, 7:10ಕ್ಕೆ ಎದ್ದಳು. ಕುರ್ಚಿ ಖಾಲಿ ಆಗಬೇಕಿದ್ದ ಹೊತ್ತಿಗೇ ಖಾಲಿ ಆಯ್ತು. ಸಣ್ಣ ಸಣ್ಣ ಕೆಲಸಗಳು ಶೀಟ್‌ನಲ್ಲಿ ಇರಬೇಕಾದ್ದು ಇದಕ್ಕೆ, ಅವು ಬಿರುಕಿಗೆ ಸುರಿಯೋ ಸಿಮೆಂಟ್ ಇದ್ದ ಹಾಗೆ. ಪುಟಾಣಿಯ ಮುಖದ ಮೇಲೆ ಕೇಸರಿಬಾತ್ ಆಗಿದ್ದು ಬೇರೆ ವಿಷಯ, ಒರೆಸಿದ್ದಾಯ್ತು.

7:10ಕ್ಕೇ ಬೀಗರ ಕಡೆಯ ಇಬ್ಬರು ಬಾಗಿಲಲ್ಲಿ. ಹುಡುಗನ ಅಕ್ಕ ಮತ್ತೆ ಅವರ ಓರಗಿತ್ತಿ. "ಸ್ವಲ್ಪ ಸೀರೆ ಉಡಿಸ್ತೀರಾ?" ಅಂದರು. ಈ ಪ್ರಶ್ನೆಗೆ ಇಲ್ಲ ಅಂತ ಹೇಳೋ ಧೈರ್ಯ ಕರ್ನಾಟಕದಲ್ಲಿ ಯಾವ ಹೆಣ್ಣಿನ ಮನೆಗೂ ಇಲ್ಲ, ಹೇಳಿದರೆ ಹತ್ತು ವರ್ಷ ಆದ್ಮೇಲೂ ಆ ಮಾತು ಬರತ್ತೆ. ಶೀಟ್‌ನ ಕೊನೆಯಲ್ಲಿ ಎರಡು ಸಾಲು ಹೆಸರಿಲ್ಲದೆ ಖಾಲಿ ಇದ್ದವು. ನಾನು ಮರೆತು ಬಿಟ್ಟಿರೋದು ಅಂದ್ಕೊಂಡಿದ್ದೆ. ಅವು ಬೀಗರಿಗೆ. ಹುಡುಗಿಯ ಅಪ್ಪನಿಗೆ ಮುಂಚೆಯೇ ಹೇಳಿದ್ದರು: ಇಬ್ಬರವರೆಗೆ ಸೀರೆ ಮಾತ್ರ, ಮೇಕಪ್ ಇಲ್ಲ, ತಲೆಗೆ ಇಷ್ಟು ಅಂತ ಬಿಲ್‌ಗೆ ಸೇರತ್ತೆ, ಮೂರನೆಯವರು ಬಂದರೆ ಎಂಟು ಗಂಟೆ ಆದ್ಮೇಲೆ. ಎರಡನೇ ಮೇಕಪ್ ಕುರ್ಚಿಯ ಹುಡುಗಿ ಆಗ ತಾನೆ ಖಾಲಿ ಆಗಿದ್ದಳು, ನೆರಿಗೆ ಹಿಡಿಯೋಕೆ ಅವಳಿಗೂ ಬರ್ತಿತ್ತು. ಮೊದಲೇ ಮಡಚಿದ ಸೀರೆ ಅಲ್ಲದ್ದರಿಂದ ತಲೆಗೆ ಹದಿನೈದು ನಿಮಿಷ, 7:40ಕ್ಕೆ ಇಬ್ಬರೂ ಖುಷಿಯಾಗಿ ಹೋದರು.

ಕೊನೆಯ ಕಸಿನ್ ಸೀರೆ ಪಿನ್ ಹಾಕಿಸ್ಕೊಂಡು ಹೊರಟಾಗ ನನ್ನ ಫೋನಲ್ಲಿ 8:02. ಶೀಟ್‌ನಲ್ಲಿದ್ದಿದ್ದು 7:58.

ನಿಮ್ಮಲ್ಲಿ ಯಾರದ್ದಾದರೂ ಮನೆಯಲ್ಲಿ ಮದುವೆ ಇದ್ದರೆ, ಆರ್ಟಿಸ್ಟ್ ಬುಕ್ ಮಾಡೋವಾಗ ಎಷ್ಟು ಜನ ಬರ್ತೀರ ಅಂತ ಕೇಳಿ ಸುಮ್ಮನಾಗಬೇಡಿ. ಸೀರೆ ಯಾರು ಉಡಿಸ್ತಾರೆ, ಅವರು ಬೇರೆ ಏನು ಮಾಡ್ತಾರೆ, ಹಿಂದಿನ ದಿನ ನೆರಿಗೆ ಹಿಡಿದು ಇಡ್ತಾರಾ ಅಂತ ಕೇಳಿ. ಇನ್ನೊಂದು ಪ್ರಶ್ನೆ ಕೇಳೋಕೆ ಸಂಕೋಚ ಆಗತ್ತೆ, ಆದರೂ ಕೇಳಿ: ಅದೇ ದಿನ ನಿಮಗೆ ಇನ್ನೊಂದು ಮದುವೆ ಇದೆಯಾ? ಆಷಾಢದಲ್ಲಿ ಮದುವೆ ಇಲ್ಲ, ಒಳ್ಳೆ ಮುಹೂರ್ತದ ದಿನಗಳಲ್ಲಿ ಊರೆಲ್ಲ ಮದುವೆ, ಹಾಗಾಗಿ ಒಂದೇ ಬೆಳಗ್ಗೆಗೆ ಎರಡು ಮನೆ ಒಪ್ಪಿಕೊಳ್ಳೋ ಆಸೆ ಎಲ್ಲರಿಗೂ ಇರತ್ತೆ. ಗೊತ್ತಾಗೋದು ಹೇಗೆ ಅಂದರೆ, ಮುಖ್ಯ ಆರ್ಟಿಸ್ಟ್ ಎಷ್ಟು ಗಂಟೆಗೆ ಹೊರಡ್ತಾರೆ ಅಂತ ಕೇಳಿ. ಮದುಮಗಳು ಮಂಟಪಕ್ಕೆ ಹೋಗೋ ಮುಂಚೆ ಹೊರಡ್ತೀನಿ ಅಂದರೆ, ಬಾಸಿಂಗ ಕಟ್ಟುವಾಗ ಹಣೆಯ ಬೊಟ್ಟು ಸರಿದರೆ, ಮೊಗ್ಗಿನ ಜಡೆ ಜಾರಿದರೆ ನೋಡೋರು ಯಾರು?

ಆ ದಿನ ನಾಲ್ವರು ಎಂಟೂವರೆಗೆ ಸಾಮಾನು ಕಟ್ಟಿಕೊಂಡು ತಿಂಡಿಗೆ ಹೋದರು. ಅಕ್ಕ ಮಂಟಪದ ಪಕ್ಕದ ಕಂಬದ ಹತ್ತಿರ, ಸೊಂಟಕ್ಕೆ ಸಣ್ಣ ಬ್ಯಾಗು ಕಟ್ಟಿಕೊಂಡು ನಿಂತಿದ್ದರು. ಅದರಲ್ಲಿ ಸೇಫ್ಟಿ ಪಿನ್, ಹೇರ್ ಪಿನ್, ಟಿಶ್ಯೂ, ಕಾಂಪ್ಯಾಕ್ಟ್, ಲಿಪ್‌ಸ್ಟಿಕ್, ಸೂಜಿ ದಾರ. ಧಾರೆ ಎರೆಯುವಾಗ ಅಮ್ಮ ಅಳ್ತಾರೆ, ಅಮ್ಮನ ನೋಡಿ ಮಗಳು ಅಳ್ತಾಳೆ, ಅದಕ್ಕೂ ಶೀಟ್‌ನಲ್ಲಿ ಒಂದು ಸಾಲು ಇತ್ತು: "9:10, ಟಿಶ್ಯೂ, ಒರೆಸಬೇಡಿ, ಒತ್ತಿ."

ಇವತ್ತಿಗೆ ಇಷ್ಟು. ನಿಮ್ಮ ಮನೆ ಮದುವೆಯಲ್ಲಿ ತಡ ಆಗಿದ್ದು ಎಲ್ಲಿ, ಸೀರೆ ಹತ್ತಿರನಾ, ಗೀಸರ್ ಹತ್ತಿರನಾ, ಕೀ ಹತ್ತಿರನಾ ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.